ಟ್ರೇಸಬಿಲಿಟಿ ಮ್ಯಾಟ್ರಿಕ್ಸ್ ಪೂರ್ತಿ ತುಂಬಿದ್ದರೂ ಅಗತ್ಯ ತಪ್ಪಿಹೋಗುವುದು ಎಲ್ಲಿ?

ಪ್ರಶ್ನೆ: ನಮ್ಮ ಪ್ರಾಜೆಕ್ಟ್‌ಗೆ ಸ್ಪ್ರೆಡ್‌ಶೀಟ್‌ನಲ್ಲಿ 180 ಸಾಲುಗಳ ಟ್ರೇಸಬಿಲಿಟಿ ಮ್ಯಾಟ್ರಿಕ್ಸ್ ಮಾಡಿದ್ದೆವು. ಒಂದೊಂದು ರಿಕ್ವೈರ್‌ಮೆಂಟ್‌ಗೆ ಒಂದೊಂದು ಸಾಲು; ಪ್ರತಿ ಸಾಲಿನಲ್ಲೂ ಅದಕ್ಕೆ ಕೂಡುವ ವಿನ್ಯಾಸ, ಟೆಸ್ಟ್, ರಿಲೀಸ್ ಮೂರೂ ಕಾಲಂ ತುಂಬಿದ್ದವು, ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ದವು. ಆದರೂ ಒಪ್ಪಿಸಿದ ಮೊದಲ ವಾರದಲ್ಲೇ ಗ್ರಾಹಕರು ತಾವು ಕೇಳಿದ್ದ ಎರಡು ವಿಷಯಗಳು ಇಲ್ಲವೆಂದು ತೋರಿಸಿದರು. ನಾವು ಎಲ್ಲಿ ತಪ್ಪಿದೆವು? ಏನೂ ಬಿಟ್ಟುಹೋಗದಂತೆ ಮ್ಯಾಟ್ರಿಕ್ಸ್ ಅನ್ನು ಹೇಗೆ ಇಡಬೇಕು?

ಉತ್ತರ: ಮ್ಯಾಟ್ರಿಕ್ಸ್ ತಾನಾಗಿಯೇ ತೋರಿಸಬಲ್ಲದ್ದು ಖಾಲಿ ಕೋಶಗಳನ್ನು ಮಾತ್ರ. ತುಂಬಿದ ಕೋಶದೊಳಗಿನ ಕೊಂಡಿ ನಿಜವೋ ಅಲ್ಲವೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. `T-31` ಎಂದು ಬರೆದ ಕೋಶ ಹೇಳುವುದು, ಯಾರೋ ಒಬ್ಬರು ಅಲ್ಲಿ ಒಂದು ಟೆಸ್ಟ್‌ನ ಗುರುತನ್ನು ಬರೆದರು ಎಂಬಷ್ಟನ್ನೇ. ಆ ಟೆಸ್ಟ್ ಆ ಸಾಲಿನ ಮಾತನ್ನು ಪೂರ್ತಿಯಾಗಿ ಪರೀಕ್ಷಿಸುತ್ತದೆಯೇ, ಅರ್ಧ ಪರೀಕ್ಷಿಸುತ್ತದೆಯೇ, ಅಥವಾ ಮೂರು ತಿಂಗಳ ಹಿಂದಿನ ಮಾತನ್ನು ಪರೀಕ್ಷಿಸುತ್ತಿದೆಯೇ ಎಂಬುದನ್ನು ಮನುಷ್ಯರೇ ಕುಳಿತು ನೋಡಬೇಕಾಗುತ್ತದೆ. ನಿಮ್ಮ 180 ಸಾಲುಗಳಲ್ಲಿ ಖಾಲಿ ಕೋಶ ಇರಲಿಲ್ಲವಾದ್ದರಿಂದ, ತಪ್ಪಿರುವುದು ಖಂಡಿತವಾಗಿ ಕೊಂಡಿಗಳ ಒಳಗೆ ಅಥವಾ ಸಾಲೇ ಇಲ್ಲದ ಜಾಗದಲ್ಲಿ. ಇವು ಸಾಮಾನ್ಯವಾಗಿ ನಾಲ್ಕು ಕಡೆ ಸಂಭವಿಸುತ್ತವೆ. ಒಂದೇ ಉದಾಹರಣೆಯನ್ನು ಹಿಡಿದು ನಾಲ್ಕನ್ನೂ ತೋರಿಸುತ್ತೇನೆ.

ಲಸಿಕೆಗಳನ್ನು ಇಡುವ ಫ್ರಿಜ್‌ಗಳ ತಾಪಮಾನವನ್ನು ಗಮನಿಸುವ ಒಂದು ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಹೆಚ್ಚಿನ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕಾಗುತ್ತದೆ. ಫ್ರಿಜ್‌ನ ಹೊಣೆ ಹೊತ್ತವರು ಮೊದಲ ಸಭೆಯಲ್ಲಿ ಹೇಳಿದ ಮಾತು ಹೀಗಿತ್ತೆಂದುಕೊಳ್ಳಿ: "ಫ್ರಿಜ್ ಕೆಟ್ಟರೆ ರಾತ್ರಿಯಲ್ಲೂ ನಮಗೆ ತಿಳಿಯಬೇಕು, ಒಬ್ಬರು ಗಮನಿಸದಿದ್ದರೆ ಇನ್ನೊಬ್ಬರಿಗಾದರೂ ತಿಳಿಯಬೇಕು." ಇದು ಅಗತ್ಯ; ಇದಕ್ಕೆ `N-07` ಎಂಬ ಗುರುತು ಕೊಡೋಣ. ವಿಶ್ಲೇಷಕರು ಇದನ್ನು ಒಂದು ರಿಕ್ವೈರ್‌ಮೆಂಟ್ ಆಗಿ ಬರೆದರು: "ತಾಪಮಾನವು 2ರಿಂದ 8 ಡಿಗ್ರಿ ವ್ಯಾಪ್ತಿಯ ಹೊರಗೆ 10 ನಿಮಿಷ ಉಳಿದರೆ, ವ್ಯವಸ್ಥೆಯು ಮುಂದಿನ 1 ನಿಮಿಷದೊಳಗೆ ಕರ್ತವ್ಯದಲ್ಲಿರುವವರಿಗೆ ಎಸ್ಎಂಎಸ್ ಕಳುಹಿಸಬೇಕು, 15 ನಿಮಿಷ ಸ್ವೀಕೃತಿ ಬಾರದಿದ್ದರೆ ಮೇಲ್ವಿಚಾರಕರಿಗೆ ಕಳುಹಿಸಬೇಕು, ಘಟನೆಯನ್ನು ದಾಖಲಿಸಿ ಆ ದಾಖಲೆಯನ್ನು 3 ವರ್ಷ ಉಳಿಸಬೇಕು." ಇದು `R-14`. ಇದರ ವಿನ್ಯಾಸದ ಭಾಗ `D-05`, ಎಚ್ಚರಿಕೆಯ ಮಾಡ್ಯೂಲ್. ಇದರ ಟೆಸ್ಟ್ `T-31`: ಸಂವೇದಕದ ಬದಲು ಸಿಮ್ಯುಲೇಟರ್ ಜೋಡಿಸಿ, 9.5 ಡಿಗ್ರಿ ಕೊಟ್ಟು, 11 ನಿಮಿಷ ಕಾದು, ಎಸ್ಎಂಎಸ್ ಬಂತೇ ಎಂದು ನೋಡುವುದು. ಎಸ್ಎಂಎಸ್ ಬಂತು, ಟೆಸ್ಟ್ ಪಾಸ್ ಆಯಿತು, ಸಾಲು ಹಸಿರಾಯಿತು.

ಈಗ `R-14`ರ ವಾಕ್ಯವನ್ನೂ `T-31`ರ ಹೆಜ್ಜೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. 8 ಡಿಗ್ರಿ ಮೀರಿದ್ದು ಪರೀಕ್ಷೆಯಾಯಿತು. 2 ಡಿಗ್ರಿಗಿಂತ ಕೆಳಗಿಳಿದದ್ದು ಪರೀಕ್ಷೆಯಾಗಲಿಲ್ಲ, ಆದರೆ ಹಲವು ಲಸಿಕೆಗಳಿಗೆ ಹೆಪ್ಪುಗಟ್ಟುವುದು ಬಿಸಿಯಷ್ಟೇ ಹಾನಿಕರ. ಮೇಲ್ವಿಚಾರಕರಿಗೆ ಹೋಗಬೇಕಾದ ಎಸ್ಎಂಎಸ್ ಅನ್ನು ಯಾರೂ ಮುಟ್ಟಿಲ್ಲ. ದಾಖಲೆಯಂತೂ ಟೆಸ್ಟ್‌ನಲ್ಲಿ ಎಲ್ಲೂ ಇಲ್ಲ. ಒಂದು ಸಾಲಿನೊಳಗೆ ಐದು ಮಾತುಗಳಿದ್ದವು, ಟೆಸ್ಟ್ ಎರಡನ್ನು ನೋಡಿತು, ಮ್ಯಾಟ್ರಿಕ್ಸ್ ಮಾತ್ರ ಐದೂ ಮುಗಿದವು ಎಂದು ತೋರಿಸಿತು. ತಪ್ಪಿಹೋಗುವ ಮೊದಲ ಜಾಗ ಇದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಅಗತ್ಯಗಳು ಕಳೆದುಹೋಗುವುದೂ ಇಲ್ಲೇ.

ಇದಕ್ಕೆ ಪರಿಹಾರವೆಂದರೆ ಸಾಲನ್ನು ಒಡೆಯುವುದು. ಒಂದು ಸಾಲು ಪಾಸ್ ಅಥವಾ ಫೇಲ್ ಎಂಬ ಒಂದೇ ಉತ್ತರವನ್ನು ಪಡೆಯುವಷ್ಟು ಚಿಕ್ಕದಾಗಿರಬೇಕು. "ಅರ್ಧ ಪಾಸ್" ಎಂದು ಹೇಳಲು ಸಾಧ್ಯವಾಗುವ ಸಾಲು ಇನ್ನೂ ಒಡೆಯಬೇಕಾದ ಸಾಲು. ಹಾಗೆ ಒಡೆದಾಗ `R-14.1` ಮೇಲಿನ ಮಿತಿ, `R-14.2` ಕೆಳಗಿನ ಮಿತಿ, `R-14.3` 1 ನಿಮಿಷದೊಳಗೆ ಮೊದಲ ಎಸ್ಎಂಎಸ್, `R-14.4` ಸ್ವೀಕೃತಿ ಬಾರದಿದ್ದಾಗ ಮೇಲ್ವಿಚಾರಕರಿಗೆ ಎಸ್ಎಂಎಸ್, `R-14.5` ದಾಖಲೆ ಮತ್ತು ಅದರ 3 ವರ್ಷಗಳ ಉಳಿವು ಎಂದಾಗುತ್ತದೆ. `R-14.5`ರಲ್ಲೂ ಇನ್ನೂ ಎರಡು ಮಾತುಗಳಿವೆ ಎಂದು ಯಾರಾದರೂ ಆಕ್ಷೇಪಿಸಿದರೆ ಅವರು ಹೇಳುವುದು ಸರಿ. ದಾಖಲಾಗುವುದನ್ನು ಟೆಸ್ಟ್ ಮಾಡಬಹುದು, ಆದರೆ 3 ವರ್ಷ ಕಾದು ನೋಡಲಾಗದು, ಅದನ್ನು ಡೇಟಾಬೇಸ್‌ನಿಂದ ಹಳೆಯ ದಾಖಲೆಗಳನ್ನು ಅಳಿಸುವ ನಿಯಮವನ್ನು ಓದಿ, ಡಿಸ್ಕ್‌ನ ಅಳತೆಯನ್ನು ಲೆಕ್ಕ ಹಾಕಿ ಖಚಿತಪಡಿಸಿಕೊಳ್ಳಬೇಕು. ಆದ್ದರಿಂದ ಟೆಸ್ಟ್ ಎಂಬ ಕಾಲಮ್ಮಿನ ಹೆಸರನ್ನು "ಪರಿಶೀಲನೆ" ಎಂದು ಬದಲಿಸಿ, ಪರಿಶೀಲನೆಯ ಬಗೆ ಯಾವುದೆಂದು ಅಲ್ಲೇ ಬರೆಯಿರಿ: ಟೆಸ್ಟ್, ಪ್ರದರ್ಶನ, ವಿಶ್ಲೇಷಣೆ ಅಥವಾ ದಾಖಲೆಗಳ ತಪಾಸಣೆ. ಟೆಸ್ಟ್ ಮಾಡಲಾಗದ ಸಾಲಿಗೆ ಹೇಗೋ ಒಂದು ಟೆಸ್ಟ್ ಗುರುತನ್ನು ಅಂಟಿಸುವ ಒತ್ತಡ ಇದರಿಂದ ಕಡಿಮೆಯಾಗುತ್ತದೆ.

ಒಡೆಯಬೇಕಾದ ಸಾಲುಗಳನ್ನು ಗುರುತಿಸುವುದು ಕಷ್ಟವಲ್ಲ. "ಮತ್ತು", "ಅಥವಾ", "ಹಾಗೆಯೇ", "ಅಲ್ಲದಿದ್ದರೆ" ಎಂಬ ಪದಗಳಿರುವ ಸಾಲುಗಳನ್ನು, ಅರ್ಧವಿರಾಮಗಳಿರುವ ಸಾಲುಗಳನ್ನು ಮೊದಲು ಹುಡುಕಿ. ಆದರೆ "2ರಿಂದ 8 ಡಿಗ್ರಿ ವ್ಯಾಪ್ತಿ" ಎಂಬಂಥ ಮಾತಿನಲ್ಲಿ ಯಾವ ಸೇರಿಸುವ ಪದವೂ ಇಲ್ಲದೆಯೇ ಎರಡು ಮಿತಿಗಳು ಅಡಗಿರುತ್ತವೆ ಎಂಬುದನ್ನು ಮರೆಯಬೇಡಿ. ಸಂಖ್ಯೆ ಇರುವ ಪ್ರತಿ ಸಾಲಿನಲ್ಲೂ ಅದರ ಎರಡೂ ಬದಿಗಳನ್ನು ಕೇಳಬೇಕು.

ಎರಡನೆಯ ಜಾಗ ಇದಕ್ಕಿಂತ ಸೂಕ್ಷ್ಮವಾದದ್ದು. ಒಡೆದ ಐದು ಸಾಲುಗಳೂ ನಿಜವಾಗಿ ಪಾಸ್ ಆದವು ಎಂದುಕೊಳ್ಳೋಣ. ಈಗ ಮೇಲಕ್ಕೆ ಹೋಗಿ, `N-07` ಎಂಬ ಮೂಲ ಮಾತನ್ನು ಎದುರಿಟ್ಟುಕೊಂಡು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಐದೂ ನೆರವೇರಿದರೆ ಆ ಅಗತ್ಯ ನೆರವೇರಿದಂತಾಗುತ್ತದೆಯೇ? "ಫ್ರಿಜ್ ಕೆಟ್ಟರೆ ರಾತ್ರಿಯಲ್ಲೂ ನಮಗೆ ತಿಳಿಯಬೇಕು" ಎಂದರು ಅವರು. ಫ್ರಿಜ್ ಕೆಡುವ ಒಂದು ಸಾಮಾನ್ಯ ಸಂದರ್ಭವೆಂದರೆ ವಿದ್ಯುತ್ ಹೋಗುವುದು. ವಿದ್ಯುತ್ ಹೋದಾಗ ಫ್ರಿಜ್‌ನ ಜೊತೆಗೆ ಅದೇ ಗೋಡೆಯ ಪ್ಲಗ್‌ನಲ್ಲಿರುವ ಸಂವೇದಕದ ಪೆಟ್ಟಿಗೆಯೂ ನಿಲ್ಲುತ್ತದೆ. ಆಗ ವ್ಯವಸ್ಥೆಗೆ ತಾಪಮಾನ 8ಕ್ಕಿಂತ ಮೇಲೂ ಕಾಣುವುದಿಲ್ಲ, 2ಕ್ಕಿಂತ ಕೆಳಗೂ ಕಾಣುವುದಿಲ್ಲ, ತಾಪಮಾನದ ಅಂಕಿಯೇ ಬರುವುದಿಲ್ಲ. ಐದು ರಿಕ್ವೈರ್‌ಮೆಂಟ್‌ಗಳಲ್ಲಿ ಒಂದರ ಟೆಸ್ಟ್ ಕೂಡ ಫೇಲ್ ಆಗದೆ, ವ್ಯವಸ್ಥೆ ಮೌನವಾಗಿ ಕುಳಿತಿರುವಾಗ ಲಸಿಕೆ ಹಾಳಾಗುತ್ತದೆ. ಆರನೆಯ ಸಾಲೊಂದು ಬೇಕಿತ್ತು: `R-14.6`, ಸಂವೇದಕದಿಂದ 5 ನಿಮಿಷ ಅಂಕಿ ಬಾರದಿದ್ದರೆ ಅದನ್ನೂ ಎಚ್ಚರಿಕೆಯ ಘಟನೆಯೆಂದೇ ಪರಿಗಣಿಸಬೇಕು.

ಇಲ್ಲದ ಸಾಲನ್ನು ಯಾವ ಸೂತ್ರವೂ ತೋರಿಸುವುದಿಲ್ಲ. ಕೊಂಡಿಗಳನ್ನು ಕೆಳಮುಖವಾಗಿ ಎಣಿಸಿದರೆ `N-07`ಕ್ಕೆ ಐದು ರಿಕ್ವೈರ್‌ಮೆಂಟ್‌ಗಳಿವೆ ಎಂದೇ ಬರುತ್ತದೆ, ಐದು ಎಂಬುದು ಸಾಕಷ್ಟು ದೊಡ್ಡ ಸಂಖ್ಯೆಯಾಗಿಯೂ ಕಾಣುತ್ತದೆ. ಆದ್ದರಿಂದ ಪ್ರತಿ ಅಗತ್ಯದ ಪಕ್ಕದಲ್ಲಿ ಒಂದು ಕಾಲಂ ಸೇರಿಸಿ, "ಇವೆಲ್ಲ ಸೇರಿದರೆ ಅಗತ್ಯ ಏಕೆ ಪೂರೈಸುತ್ತದೆ" ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಸಿ. ನಮ್ಮ ಉದಾಹರಣೆಯಲ್ಲಿ ಆ ವಾಕ್ಯ "ಫ್ರಿಜ್ ಕೆಟ್ಟಾಗ ತಾಪಮಾನ ಬದಲಾಗುತ್ತದೆ, ಬದಲಾದದ್ದು ಸಂವೇದಕಕ್ಕೆ ತಿಳಿಯುತ್ತದೆ, ಅದು ಎಸ್ಎಂಎಸ್ ಆಗಿ ಹೋಗುತ್ತದೆ" ಎಂದು ಆರಂಭವಾಗುತ್ತದೆ. ಬರೆಯುತ್ತಿರುವವರು "ಸಂವೇದಕಕ್ಕೆ ತಿಳಿಯುತ್ತದೆ" ಎಂಬಲ್ಲಿಗೆ ಬಂದಾಗ, ಸಂವೇದಕವೇ ಕೆಲಸ ಮಾಡದಿದ್ದರೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಈ ವಾಕ್ಯವನ್ನು ರಿಕ್ವೈರ್‌ಮೆಂಟ್ ಬರೆದವರೇ ಬರೆಯುವುದಕ್ಕಿಂತ ಟೆಸ್ಟ್ ಮಾಡುವವರು ಬರೆಯುವುದು ಉತ್ತಮ, ಏಕೆಂದರೆ ಬರೆದವರ ತಲೆಯಲ್ಲಿ ಬಿಟ್ಟುಹೋದ ಹೆಜ್ಜೆಗಳೂ ಇದ್ದಂತೆಯೇ ತೋರುತ್ತವೆ. ಎಲ್ಲ ಅಗತ್ಯಗಳಿಗೂ ಇದನ್ನು ಮಾಡಲು ಸಮಯವಿಲ್ಲದಿದ್ದರೆ, ತಪ್ಪಿದಾಗ ಹೆಚ್ಚು ಹಾನಿಯಾಗುವ ಅಗತ್ಯಗಳಿಗಾದರೂ ಮಾಡಿ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. `N-07` ಎಂಬುದು ಗ್ರಾಹಕರು ಆಡಿದ ಮಾತುಗಳಲ್ಲೇ ಉಳಿದಿರಬೇಕು, ನಿಮ್ಮ ತಂಡ ತಿದ್ದಿ ಬರೆದ ರೂಪದಲ್ಲಿ ಅಲ್ಲ. ಅನೇಕ ಮ್ಯಾಟ್ರಿಕ್ಸ್‌ಗಳು ರಿಕ್ವೈರ್‌ಮೆಂಟ್‌ನಿಂದಲೇ ಆರಂಭವಾಗುತ್ತವೆ, ಅದರ ಹಿಂದಿನ ಅಗತ್ಯದ ಕಾಲಮ್ಮೇ ಇರುವುದಿಲ್ಲ. ಅಂಥ ಮ್ಯಾಟ್ರಿಕ್ಸ್‌ನಲ್ಲಿ ಮೇಲೆ ಹೇಳಿದ ಪ್ರಶ್ನೆಯನ್ನು ಕೇಳಲು ಆಧಾರವೇ ಇರುವುದಿಲ್ಲ.

ಮೂರನೆಯ ಜಾಗ ರಿಲೀಸ್ ಕಾಲಂ. ನಿಮ್ಮ ಶೀಟ್‌ನಲ್ಲಿ ಆ ಕಾಲಮ್ಮಿನಲ್ಲಿ ಬಹುಶಃ "2.3" ಎಂಬಂಥ ಒಂದು ಆವೃತ್ತಿಯ ಸಂಖ್ಯೆ ಇರಬೇಕು. ಆ ಸಂಖ್ಯೆ ಕೋಡ್ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು, ಗ್ರಾಹಕರ ಬಳಿ ಆ ಕೆಲಸ ನಡೆಯಲು ಬೇಕಾದುದೆಲ್ಲ ತಲುಪಿತೇ ಎಂದು ಹೇಳುವುದಿಲ್ಲ. ಇದರ ಬೆಲೆಯನ್ನು ನಾನು ಸ್ವತಃ ಕಂಡಿದ್ದೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಎಚ್ಚರಿಕೆಯ ವ್ಯವಸ್ಥೆಯಲ್ಲಿ `R-14.4`ರಂಥದ್ದೇ ಒಂದು ರಿಕ್ವೈರ್‌ಮೆಂಟ್ ಇತ್ತು. ಮೇಲ್ವಿಚಾರಕರ ಫೋನ್ ಸಂಖ್ಯೆಗಳನ್ನು ವ್ಯವಸ್ಥೆಯು `escalation_contact` ಎಂಬ ಟೇಬಲ್‌ನಿಂದ ಓದುತ್ತಿತ್ತು. ನಮ್ಮ ಟೆಸ್ಟ್ ಸರ್ವರ್‌ನಲ್ಲಿ ಆ ಟೇಬಲ್‌ನಲ್ಲಿ ಎರಡು ಸಂಖ್ಯೆಗಳಿದ್ದವು. ತಿಂಗಳುಗಳ ಹಿಂದೆ ಯಾರೋ ಕೈಯಾರೆ ಸೇರಿಸಿದ್ದರು. ಇನ್‌ಸ್ಟಾಲ್ ಸ್ಕ್ರಿಪ್ಟ್ ಆ ಟೇಬಲ್ಲನ್ನು ಖಾಲಿಯಾಗಿ ಸೃಷ್ಟಿಸುತ್ತಿತ್ತು, ಅದನ್ನು ತುಂಬಬೇಕೆಂದು ಕೈಪಿಡಿಯಲ್ಲಿ ಎಲ್ಲೂ ಬರೆದಿರಲಿಲ್ಲ. ವಿನ್ಯಾಸ ಸರಿಯಿತ್ತು, ಕೋಡ್ ಸರಿಯಿತ್ತು, ಟೆಸ್ಟ್ ಪ್ರಾಮಾಣಿಕವಾಗಿ ಪಾಸ್ ಆಗಿತ್ತು. ಗ್ರಾಹಕರ ಸ್ಥಳದಲ್ಲಿ ಮಾತ್ರ ಎರಡನೆಯ ಎಸ್ಎಂಎಸ್ ಹೋಗಲು ಯಾವ ಸಂಖ್ಯೆಯೂ ಇರಲಿಲ್ಲ. ಪ್ರೋಗ್ರಾಂ ಖಾಲಿ ಪಟ್ಟಿಯನ್ನು ಓದಿ, ಕಳುಹಿಸಬೇಕಾದವರು ಯಾರೂ ಇಲ್ಲವೆಂದು ತಿಳಿದು, ಯಾವ ದೋಷವನ್ನೂ ತೋರಿಸದೆ ಮುಂದುವರಿಯುತ್ತಿತ್ತು. ಒಪ್ಪಿಸಿದ ಮೇಲೆ ಅಲ್ಲಿಗೇ ಹೋಗಿ ಪರೀಕ್ಷೆ ಮಾಡಿದ ದಿನ ಅದು ಬೆಳಕಿಗೆ ಬಂತು. ಆ ದಿನ ಹೋಗದಿದ್ದರೆ, ಕರ್ತವ್ಯದಲ್ಲಿದ್ದವರು ನಿದ್ದೆ ಹೋದ ಯಾವುದೋ ಒಂದು ರಾತ್ರಿಯಲ್ಲೇ ಅದು ತಿಳಿಯುತ್ತಿತ್ತು.

ಅಂದಿನಿಂದ ನಾನು ರಿಲೀಸ್ ಕಾಲಮ್ಮನ್ನು ಆವೃತ್ತಿಯ ಸಂಖ್ಯೆಯಿಂದ ತುಂಬಲು ಒಪ್ಪುವುದಿಲ್ಲ. ಒಪ್ಪಿಸುವ ವಸ್ತುಗಳಿಗೂ ರಿಕ್ವೈರ್‌ಮೆಂಟ್‌ಗಳಂತೆಯೇ ಗುರುತುಗಳನ್ನು ಕೊಡಬೇಕು: ಪ್ರೋಗ್ರಾಂ ಪ್ಯಾಕೇಜ್, ಕಾನ್ಫಿಗರೇಶನ್ ಫೈಲ್, ಆರಂಭದಲ್ಲಿ ತುಂಬಬೇಕಾದ ಡೇಟಾ, ಕೈಪಿಡಿಯ ಅಧ್ಯಾಯ, ತರಬೇತಿಯ ಭಾಗ, ಹೊರಗಿನ ಸೇವೆಗಳ ಖಾತೆ. `R-14.4`ರ ಸಾಲು ಆಗ ಮೂರು ವಸ್ತುಗಳಿಗೆ ಕೊಂಡಿಯಾಗುತ್ತದೆ. `P-02` ಪ್ರೋಗ್ರಾಂ, `P-08` ಮೇಲ್ವಿಚಾರಕರ ಸಂಖ್ಯೆಗಳ ಪಟ್ಟಿ, `P-11` ಆ ಪಟ್ಟಿಯನ್ನು ಬದಲಿಸುವ ವಿಧಾನವಿರುವ ಕೈಪಿಡಿಯ ಪುಟ. `P-08` ಅನ್ನು ಯಾರು ತುಂಬಬೇಕು, ಯಾವಾಗ ತುಂಬಬೇಕು ಎಂಬುದಕ್ಕೆ ಇನ್‌ಸ್ಟಾಲ್ ಹಂತಗಳಲ್ಲಿ ಒಂದು ಹೆಜ್ಜೆ ಇರಬೇಕು. ಈ ಸಾಲು ಹಸಿರಾಗಬೇಕಾದದ್ದು, ಗ್ರಾಹಕರ ಸ್ಥಳದಲ್ಲಿ, ಒಪ್ಪಿಸಿದ ಪ್ಯಾಕೇಜಿನಿಂದಲೇ ಹೊಸದಾಗಿ ಇನ್‌ಸ್ಟಾಲ್ ಮಾಡಿದ ವ್ಯವಸ್ಥೆಯಲ್ಲಿ, ಮೇಲ್ವಿಚಾರಕರ ಫೋನ್‌ಗೆ ನಿಜವಾಗಿ ಎಸ್ಎಂಎಸ್ ಬಂದ ಮೇಲೆ.

ಪ್ರತಿ ಸಾಲಿಗೂ ಸ್ಥಳದಲ್ಲಿ ಮರುಪರೀಕ್ಷೆ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಕೋಡ್‌ನ ಹೊರಗಿನ ಯಾವುದಾದರೂ ಒಂದು ವಸ್ತುವನ್ನು, ಅಂದರೆ ಡೇಟಾ, ಸೆಟ್ಟಿಂಗ್, ಖಾತೆ ಅಥವಾ ಯಂತ್ರವನ್ನು ಅವಲಂಬಿಸಿರುವ ಸಾಲುಗಳನ್ನು ಆರಿಸಿಕೊಂಡರೆ ಸಾಕು. ಟೆಸ್ಟ್ ಸರ್ವರ್ ಮತ್ತು ಗ್ರಾಹಕರ ಸ್ಥಳ ಇವೆರಡರ ನಡುವೆ ಬೇರೆಯಾಗಬಲ್ಲದ್ದು ಅವೇ.

ನಾಲ್ಕನೆಯ ಜಾಗ ಬದಲಾವಣೆ. ಎಲ್ಲವೂ ಸರಿಯಾಗಿ ಕೂಡಿಸಿಟ್ಟ ಮೇಲೆ ಗ್ರಾಹಕರು "15 ನಿಮಿಷ ಹೆಚ್ಚಾಯಿತು, 10 ನಿಮಿಷಕ್ಕೇ ಮೇಲ್ವಿಚಾರಕರಿಗೆ ಹೋಗಲಿ" ಎಂದರು ಎಂದುಕೊಳ್ಳೋಣ. ವಿಶ್ಲೇಷಕರು `R-14.4`ರ ವಾಕ್ಯದಲ್ಲಿ 15 ಅನ್ನು 10 ಮಾಡಿದರು. ಡೆವಲಪರ್‌ಗೆ ಆ ಸಂದೇಶ ತಲುಪಲಿಲ್ಲ, ಕೋಡ್‌ನಲ್ಲಿ 15 ಹಾಗೆಯೇ ಉಳಿಯಿತು. ಇದನ್ನು ಹಿಡಿಯಬೇಕಾದ ಟೆಸ್ಟ್ `T-34` ಹೀಗಿದೆ: ಮೊದಲ ಎಸ್ಎಂಎಸ್ ಹೋದ ಮೇಲೆ ಸ್ವೀಕೃತಿ ಕೊಡದೆ 16 ನಿಮಿಷ ಕಾಯಿರಿ, ಮೇಲ್ವಿಚಾರಕರಿಗೆ ಎಸ್ಎಂಎಸ್ ಬಂದಿದೆಯೇ ನೋಡಿ. ಕೋಡ್ 15ನೆಯ ನಿಮಿಷಕ್ಕೆ ಕಳುಹಿಸುತ್ತದೆ, 16ನೆಯ ನಿಮಿಷಕ್ಕೆ ನೋಡಿದವರಿಗೆ ಎಸ್ಎಂಎಸ್ ಕಾಣುತ್ತದೆ, ಟೆಸ್ಟ್ ಪಾಸ್ ಆಗುತ್ತದೆ. ಬದಲಾದ ರಿಕ್ವೈರ್‌ಮೆಂಟ್, ಬದಲಾಗದ ಕೋಡ್, ಬದಲಾಗದ ಟೆಸ್ಟ್, ಆದರೂ ಸಾಲು ಹಸಿರು. ಆ ಟೆಸ್ಟ್ ಅನ್ನು ನಿನ್ನೆ ರಾತ್ರಿಯೇ ಮತ್ತೆ ಓಡಿಸಿದ್ದರೂ ಫಲಿತಾಂಶ ಅದೇ ಆಗಿರುತ್ತಿತ್ತು ಎಂಬುದನ್ನು ಗಮನಿಸಿ. ಟೆಸ್ಟ್ ಅನ್ನು ಮತ್ತೆ ಓಡಿಸುವುದು ಬೇರೆ, ಟೆಸ್ಟ್‌ನ ಮಾತು ರಿಕ್ವೈರ್‌ಮೆಂಟ್‌ನ ಮಾತಿಗೆ ಇನ್ನೂ ಹೊಂದುತ್ತದೆಯೇ ಎಂದು ಮತ್ತೆ ಓದುವುದು ಬೇರೆ.

ಆದ್ದರಿಂದ ಕೊಂಡಿಯ ಜೊತೆಗೆ, ಅದನ್ನು ಓದಿ ಒಪ್ಪಿದಾಗ ರಿಕ್ವೈರ್‌ಮೆಂಟ್ ಎಷ್ಟನೆಯ ಪರಿಷ್ಕರಣೆಯಲ್ಲಿತ್ತು ಎಂಬುದನ್ನೂ ಬರೆದಿಡಬೇಕು. ರಿಕ್ವೈರ್‌ಮೆಂಟ್ ಪರಿಷ್ಕರಣೆ 2ಕ್ಕೆ ಹೋದ ಕ್ಷಣದಲ್ಲಿ, ಪರಿಷ್ಕರಣೆ 1ರ ಮೇಲೆ ಒಪ್ಪಿದ್ದ ಎಲ್ಲ ಕೊಂಡಿಗಳೂ ಅನುಮಾನದ ಕೊಂಡಿಗಳಾಗುತ್ತವೆ. ಅವು ತಪ್ಪೆಂದು ಅರ್ಥವಲ್ಲ. ಯಾರಾದರೂ ಮತ್ತೆ ಓದುವವರೆಗೆ ಅವನ್ನು ನಂಬುವಂತಿಲ್ಲ ಎಂದರ್ಥ. ರಿಕ್ವೈರ್‌ಮೆಂಟ್ ನಿರ್ವಹಣೆಯ ದೊಡ್ಡ ತಂತ್ರಾಂಶಗಳು ಇದನ್ನು ತಾವೇ ಗುರುತು ಮಾಡುತ್ತವೆ. 180 ಸಾಲುಗಳಿಗೆ ನಿಮ್ಮ ಸ್ಪ್ರೆಡ್‌ಶೀಟೇ ಸಾಕು, ಆದರೆ ಅದರ ರಚನೆಯನ್ನು ಬದಲಿಸಬೇಕು.

ಈಗ ನಿಮ್ಮ ಶೀಟ್‌ನಲ್ಲಿ ಒಂದು ಕೋಶದೊಳಗೆ `T-31, T-34` ಎಂದು ಅಲ್ಪವಿರಾಮ ಹಾಕಿ ಹಲವು ಗುರುತುಗಳನ್ನು ಬರೆದಿರುವ ಸಾಧ್ಯತೆ ಹೆಚ್ಚು. ಹಾಗೆ ಬರೆದ ಕೊಂಡಿಗೆ ಅದರದೇ ಆದ ಪರಿಷ್ಕರಣೆ, ಒಪ್ಪಿದವರ ಹೆಸರು, ದಿನಾಂಕ ಯಾವುದನ್ನೂ ಜೋಡಿಸಲಾಗದು. ಕೊಂಡಿಗಳನ್ನು `Links` ಎಂಬ ಪ್ರತ್ಯೇಕ ಹಾಳೆಗೆ ತಂದು, ಒಂದು ಕೊಂಡಿಗೆ ಒಂದು ಸಾಲು ಕೊಡಿ: A ಕಾಲಮ್ಮಿನಲ್ಲಿ ರಿಕ್ವೈರ್‌ಮೆಂಟ್‌ನ ಗುರುತು, Bಯಲ್ಲಿ ಅದು ಕೂಡುವ ವಿನ್ಯಾಸ, ಪರಿಶೀಲನೆ ಅಥವಾ ಒಪ್ಪಿಸುವ ವಸ್ತುವಿನ ಗುರುತು, Cಯಲ್ಲಿ ಒಪ್ಪಿದಾಗಿನ ಪರಿಷ್ಕರಣೆ, ಮುಂದಿನ ಎರಡರಲ್ಲಿ ಒಪ್ಪಿದವರು ಮತ್ತು ದಿನಾಂಕ. `Req` ಹಾಳೆಯಲ್ಲಿ A ಗುರುತು, B ವಾಕ್ಯ, C ಈಗಿನ ಪರಿಷ್ಕರಣೆ. ಆಗ `Links` ಹಾಳೆಯ ಎರಡನೆಯ ಸಾಲಿನಲ್ಲಿ ಈ ಸೂತ್ರವನ್ನು ಬರೆದು ಕೆಳಗೆ ಎಳೆದರೆ ಅನುಮಾನದ ಕೊಂಡಿಗಳು ತಾವೇ ಎದ್ದು ಕಾಣುತ್ತವೆ:

```
=IF(VLOOKUP(A2,Req!A:C,3,FALSE)>C2,"CHECK","")
```

ಖಾಲಿ ಜಾಗಗಳನ್ನು ಹುಡುಕುವುದೂ ಇದೇ ಹಾಳೆಯಿಂದ ಸುಲಭವಾಗುತ್ತದೆ. `Req` ಹಾಳೆಯಲ್ಲಿ ಪ್ರತಿ ರಿಕ್ವೈರ್‌ಮೆಂಟ್‌ಗೆ ಎಷ್ಟು ಟೆಸ್ಟ್‌ಗಳಿವೆ ಎಂಬುದನ್ನು ಮೊದಲನೆಯ ಸೂತ್ರ ಎಣಿಸುತ್ತದೆ. ಟೆಸ್ಟ್‌ಗಳ ಹಾಳೆಯಲ್ಲಿ ಪ್ರತಿ ಟೆಸ್ಟ್‌ಗೆ ಎಷ್ಟು ರಿಕ್ವೈರ್‌ಮೆಂಟ್‌ಗಳಿವೆ ಎಂಬುದನ್ನು ಎರಡನೆಯದು ಎಣಿಸುತ್ತದೆ. ಟೆಸ್ಟ್ ಬದಲು ಬೇರೆ ಬಗೆಯ ಪರಿಶೀಲನೆ ಇರುವ ಸಾಲುಗಳನ್ನು ಬಿಟ್ಟರೆ, ಸೊನ್ನೆ ಬಂದಲ್ಲೆಲ್ಲ ಕೆಲಸವಿದೆ.

```
=COUNTIFS(Links!A:A,A2,Links!B:B,"T-*")
=COUNTIF(Links!B:B,A2)
```

ಎರಡನೆಯ ಸೂತ್ರವನ್ನು ಹಲವರು ಬಳಸುವುದೇ ಇಲ್ಲ. ಯಾವ ರಿಕ್ವೈರ್‌ಮೆಂಟ್‌ಗೂ ಕೂಡದ ಟೆಸ್ಟ್ ಕಂಡರೆ ಅದನ್ನು ಹೆಚ್ಚುವರಿ ಎಂದು ತಳ್ಳಿಹಾಕುತ್ತಾರೆ. ನಾನು ಮೊದಲು ಆ ಟೆಸ್ಟ್ ಬರೆದವರನ್ನು ಕೇಳುತ್ತೇನೆ. ಸಂವೇದಕದ ತಂತಿ ಕಿತ್ತರೆ ಏನಾಗುತ್ತದೆ ಎಂದು ನೋಡುವ ಟೆಸ್ಟ್ ಒಂದನ್ನು ಅವರು ತಮ್ಮಷ್ಟಕ್ಕೆ ಬರೆದಿರಬಹುದು, ಅದಕ್ಕೆ ಕೂಡಲು ಸಾಲಿಲ್ಲದ ಕಾರಣ ಅದು ಅನಾಥವಾಗಿ ನಿಂತಿರಬಹುದು. ನಮ್ಮ `R-14.6` ಸಿಗಬಹುದಾಗಿದ್ದ ಇನ್ನೊಂದು ದಾರಿ ಅದೇ. ಅನಾಥ ಟೆಸ್ಟ್ ಎಂದರೆ ಬಹಳ ಸಲ ಯಾರೋ ಅರಿತಿದ್ದು ಯಾರೂ ಬರೆದಿಡದ ಅಗತ್ಯ. ಕೂಡದ ವಿನ್ಯಾಸದ ಭಾಗ ಕಂಡರೆ ಅದರ ಅರ್ಥ ಬೇರೆ ಇರಬಹುದು. ಯಾರೂ ಕೇಳದ ಸೌಲಭ್ಯವೊಂದನ್ನು ಕಟ್ಟುತ್ತಿರಬಹುದು, ಅದನ್ನು ಉಳಿಸಬೇಕೇ ಎಂದು ಗ್ರಾಹಕರನ್ನೇ ಕೇಳಬೇಕು.

ಕೊಂಡಿ ಒಪ್ಪುವುದು ಎಂದರೆ ಏನು ಎಂಬುದನ್ನು ತಂಡದಲ್ಲಿ ಮೊದಲೇ ನಿಗದಿ ಮಾಡಿಕೊಳ್ಳಿ. ನಾನು ಒಂದೇ ಪರೀಕ್ಷೆ ಬಳಸುತ್ತೇನೆ: ಈ ರಿಕ್ವೈರ್‌ಮೆಂಟ್‌ನ ವಾಕ್ಯವನ್ನು ಬೇಕೆಂದೇ ಸುಳ್ಳು ಮಾಡಿದರೆ ಈ ಟೆಸ್ಟ್ ಫೇಲ್ ಆಗುತ್ತದೆಯೇ? `T-34`ಕ್ಕೆ ಇದನ್ನು ಅನ್ವಯಿಸಿ. 10 ನಿಮಿಷದ ಬದಲು 15 ನಿಮಿಷಕ್ಕೆ ಕಳುಹಿಸುವ ಕೋಡ್ ಕೊಟ್ಟರೆ ಫೇಲ್ ಆಗುತ್ತದೆಯೇ? ಇಲ್ಲ. 3ನೆಯ ನಿಮಿಷಕ್ಕೇ ಕಳುಹಿಸುವ ಕೋಡ್ ಕೊಟ್ಟರೆ? ಆಗಲೂ ಇಲ್ಲ, ಏಕೆಂದರೆ 16ನೆಯ ನಿಮಿಷಕ್ಕೆ ನೋಡುವವರಿಗೆ ಅದು ಯಾವಾಗ ಬಂತೆಂಬುದು ಲೆಕ್ಕಕ್ಕಿಲ್ಲ. ಹಾಗಾದರೆ ಈ ಕೊಂಡಿಯನ್ನು ಮೊದಲ ದಿನವೇ ಒಪ್ಪಬಾರದಿತ್ತು. 9ನೆಯ ನಿಮಿಷದಲ್ಲಿ ಎಸ್ಎಂಎಸ್ ಬಂದಿರಬಾರದು, 11ನೆಯ ನಿಮಿಷದೊಳಗೆ ಬಂದಿರಬೇಕು ಎಂದು ಎರಡೂ ಬದಿ ನೋಡುವಂತೆ ತಿದ್ದಿದ ಮೇಲೆ ಒಪ್ಪಬಹುದು. ಒಂದು ಕೊಂಡಿಗೆ ಈ ಓದು ಎರಡು ಮೂರು ನಿಮಿಷಗಳ ಕೆಲಸ. ಒಡೆದ ಮೇಲೆ ನಿಮ್ಮ 180 ಸಾಲುಗಳು ಇನ್ನೂ ಹೆಚ್ಚಾಗುವುದರಿಂದ ಒಬ್ಬರಿಗೆ ಕೆಲವು ದಿನಗಳು ಬೇಕಾಗುತ್ತವೆ. ಎಲ್ಲವನ್ನೂ ಕೊನೆಯ ವಾರಕ್ಕೆ ಬಿಟ್ಟರೆ ಓದುವುದು ನಿಂತು, ಸಹಿ ಹಾಕುವುದು ಮಾತ್ರ ಉಳಿಯುತ್ತದೆ. ಟೆಸ್ಟ್ ಬರೆದ ದಿನವೇ ಅದರ ಕೊಂಡಿಯನ್ನು ಓದಿ ಒಪ್ಪಿಸಿಕೊಳ್ಳಿ.

ಕಾಗದದ ಮೇಲೆ ಸರಿಯಾಗಿ ಬರೆದ ರಿಕ್ವೈರ್‌ಮೆಂಟ್‌ಗೂ ಅದನ್ನು ಸುಳ್ಳಾಗಿಸುವ ಕೋಡ್ ಅನ್ನು ಹಿಡಿಯುವ ಪರಿಶೀಲನೆಗೂ ನಡುವೆ ಕೊಂಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಲ್ಲರಿಗೂ ಗೊತ್ತಿರುವ ನಿದರ್ಶನ. 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ತಲುಪುವಾಗ ಆ ನೌಕೆ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶವು ನೌಕೆಯ ಸಣ್ಣ ಎಂಜಿನ್‌ಗಳು ಕೊಟ್ಟ ತಳ್ಳುವಿಕೆಯ ಅಂಕಿಗಳನ್ನು ನ್ಯೂಟನ್-ಸೆಕೆಂಡ್‌ಗಳಲ್ಲಿ ಕೊಡಬೇಕೆಂದು ಇಂಟರ್‌ಫೇಸ್ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಂತ್ರಾಂಶ ಕೊಟ್ಟದ್ದು ಪೌಂಡ್-ಸೆಕೆಂಡ್‌ಗಳಲ್ಲಿ, ಅಂದರೆ ಸುಮಾರು 4.45 ಪಟ್ಟು ವ್ಯತ್ಯಾಸ. ರಿಕ್ವೈರ್‌ಮೆಂಟ್ ಬರೆಯುವುದನ್ನು ಯಾರೂ ಮರೆತಿರಲಿಲ್ಲ. ಆ ವಾಕ್ಯ ಸುಳ್ಳಾದಾಗ ಫೇಲ್ ಆಗುವ ಪರಿಶೀಲನೆ ಅದರ ಮುಂದೆ ಇರಲಿಲ್ಲ.

ಎಷ್ಟು ಆಳಕ್ಕೆ ಕೊಂಡಿ ಹಾಕಬೇಕು ಎಂಬ ಪ್ರಶ್ನೆ ನಿಮಗೆ ಮುಂದೆ ಬರುತ್ತದೆ. ವಿಮಾನದೊಳಗಿನ ತಂತ್ರಾಂಶಕ್ಕೆ ಬಳಸುವ DO-178C, ವೈದ್ಯಕೀಯ ಸಾಧನಗಳ ತಂತ್ರಾಂಶದ IEC 62304, ವಾಹನಗಳ ISO 26262 ಮೊದಲಾದ ಮಾನದಂಡಗಳು, ತಪ್ಪಿದರೆ ಆಗುವ ಹಾನಿ ಹೆಚ್ಚಿದಷ್ಟೂ ಹೆಚ್ಚಿನ ಪುರಾವೆಯನ್ನು ಕೇಳುತ್ತವೆ. ಅಂಥ ಕಟ್ಟಳೆ ನಿಮಗಿಲ್ಲದಿದ್ದರೆ ವಿನ್ಯಾಸದ ಕಡೆಯಲ್ಲಿ ಮಾಡ್ಯೂಲ್‌ನ ಮಟ್ಟಕ್ಕೆ ನಿಲ್ಲಿಸಿ. ಕೋಡ್‌ನ ಪ್ರತಿ ಫಂಕ್ಷನ್‌ಗೆ ಕೈಯಿಂದ ಕೊಂಡಿ ಹಾಕಿದ ಹಾಳೆಗಳು ಕೆಲವೇ ವಾರಗಳಲ್ಲಿ ಹಳತಾಗುವುದನ್ನು ನೋಡಿದ್ದೇನೆ, ಮತ್ತು ಹಳತಾದ ಕೊಂಡಿ ಇಲ್ಲದ ಕೊಂಡಿಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ಜನ ನಂಬುತ್ತಾರೆ. ಆ ಶ್ರಮವನ್ನು ಅಗತ್ಯ ಮತ್ತು ರಿಕ್ವೈರ್‌ಮೆಂಟ್‌ಗಳ ನಡುವೆ, ಹಾಗೂ ಪರಿಶೀಲನೆ ಮತ್ತು ಒಪ್ಪಿಸುವ ವಸ್ತುಗಳ ಕಡೆಯಲ್ಲಿ ಹಾಕಿ.

ಗ್ರಾಹಕರು ತೋರಿಸಿದ ಆ ಎರಡು ವಿಷಯಗಳಿಂದಲೇ ಆರಂಭಿಸಿ. ಅವುಗಳಿಗೆ ನಿಮ್ಮ ಶೀಟ್‌ನಲ್ಲಿ ಸಾಲಿದೆಯೇ ಎಂದು ಮೊದಲು ನೋಡಿ. ಸಾಲಿಲ್ಲದಿದ್ದರೆ ಸಭೆಯ ಟಿಪ್ಪಣಿಗಳಿಗೂ ಪತ್ರಗಳಿಗೂ ಹಿಂದಿರುಗಿ, ಅವರು ಅದನ್ನು ಯಾವ ಮಾತಿನಲ್ಲಿ ಹೇಳಿದ್ದರು, ಆ ಮಾತಿನಲ್ಲಿದ್ದ ಬೇರೆ ಏನೆಲ್ಲ ಸಾಲಾಗಿ ಬಂದಿಲ್ಲ ಎಂದು ಓದಬೇಕಾಗುತ್ತದೆ. ಸಾಲು ಇದ್ದರೆ ಅದರಲ್ಲಿ ಎಷ್ಟು ಮಾತುಗಳಿವೆ, ಟೆಸ್ಟ್ ಎಷ್ಟನ್ನು ನೋಡಿತು ಎಂದು ಎಣಿಸಿ. ಅದೂ ಸರಿಯಿದ್ದರೆ ಟೆಸ್ಟ್ ಸರ್ವರ್‌ನಲ್ಲಿ ಇದ್ದು ಪ್ಯಾಕೇಜ್‌ನಲ್ಲಿ ಇಲ್ಲದ ವಸ್ತು ಯಾವುದು ಎಂದು ಹುಡುಕಿ, ಕೊನೆಗೆ ಆ ಸಾಲು ಕೊನೆಯ ಬಾರಿ ಯಾವಾಗ ಬದಲಾಯಿತು, ಟೆಸ್ಟ್ ಕೊನೆಯ ಬಾರಿ ಯಾವಾಗ ಬದಲಾಯಿತು ಎಂದು ದಿನಾಂಕಗಳನ್ನು ಹೋಲಿಸಿ. ಎರಡು ವಿಷಯಗಳೂ ಒಂದೇ ಜಾಗದಲ್ಲಿ ತಪ್ಪಿದ್ದರೆ, ಉಳಿದ ಸಾಲುಗಳನ್ನು ಮೊದಲು ಆ ಒಂದು ಜಾಗದಲ್ಲೇ ನೋಡಿ. ಗ್ರಾಹಕರಿಗೆ ಇನ್ನೂ ಕಾಣದ ಮೂರನೆಯದು ಬಹುಶಃ ಅಲ್ಲೇ ಇರುತ್ತದೆ.